ಮುಖದ ಬಂಗಿಗೆ ಅಜೆಲಿಕ್ ಆಸಿಡ್ ಕ್ರೀಮ್: 14 ತಿಂಗಳು ಹಚ್ಚಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಎರಡನೇ ಬಾಣಂತನದ ಹೊತ್ತಿಗೆ ನನ್ನ ಎರಡೂ ಕೆನ್ನೆ ಮೇಲೆ ಬಂಗು ಕೂತಿತ್ತು. ನನ್ನದು ಎಣ್ಣೆಗೆಂಪು ಬಣ್ಣ. ಬೆಳ್ಳಗಾಗುವ ಆಸೆ ಇರಲಿಲ್ಲ, ಕೆನ್ನೆ ದವಡೆ ಕೆಳಗಿನ ಚರ್ಮಕ್ಕೆ ಹೊಂದಿದರೆ ಸಾಕಿತ್ತು.

ಮೊದಲು ಮಾಡಿದ್ದು ತಪ್ಪು. ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಿಂದ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಸೇರಿದ ಕ್ರೀಮ್ ತಂದೆ. ಡಾಕ್ಟರ ನಿಗಾದಲ್ಲಿ ಕೆಲವೇ ವಾರ ಬಳಸುವ ಔಷಧಿ ಅದು. ನಾನು ಆರು ತಿಂಗಳು ಮುಖಕ್ಕೆಲ್ಲ ಬಳಿದೆ. ಮುಖ ಕುತ್ತಿಗೆಗಿಂತ ಬಿಳಿಚಿಕೊಂಡಿತು, ಎಲ್ಲರೂ ಹೊಗಳಿದರು. ಆಮೇಲೆ ಚರ್ಮ ತೆಳುವಾಗಿ, ಸಣ್ಣ ಕೆಂಪು ನರಗಳು ಕಾಣಿಸಿ, ಬಿಸಿನೀರು ತಾಗಿದರೂ ಉರಿ ಶುರುವಾಯಿತು. ಬಿಟ್ಟ ಮೇಲೆ ಬಂಗು ಮೊದಲಿಗಿಂತ ಕಪ್ಪಾಗಿ ಬಂತು.

ಉರಿ ಇಳಿದ ಮೇಲೆ ಚರ್ಮದ ಡಾಕ್ಟರು 20% ಅಜೆಲಿಕ್ ಆಸಿಡ್ ಕೊಟ್ಟರು. ಅತಿಯಾಗಿ ಬಣ್ಣ ತಯಾರಿಸುತ್ತಿರುವ ಜೀವಕೋಶಗಳ ಮೇಲೇ ಇದರ ಕೆಲಸ ಜಾಸ್ತಿ, ಸರಿಯಾಗಿರುವ ಚರ್ಮವನ್ನು ಅಷ್ಟಾಗಿ ಬಿಳಿಚಿಸುವುದಿಲ್ಲ ಎಂದರು. ನನಗೆ ಬೇಕಿದ್ದುದೂ ಅದೇ. ಬಟಾಣಿ ಕಾಳಿನಷ್ಟು ತೆಗೆದು ಕಲೆ ಇದ್ದಲ್ಲಿ ಮಾತ್ರ ಹಚ್ಚುವುದು. ಮೊದಲ ಎರಡು ವಾರ ರಾತ್ರಿ ಮಾತ್ರ, ನಂತರ ದಿನಕ್ಕೆ ಎರಡು ಸಲ. ಶುರುವಿನಲ್ಲಿ ಇರುವೆ ಹರಿದಂತೆ ಕಾಲು ಗಂಟೆ ತುರಿಕೆ. ಮೊದಲು ಮಾಯಿಶ್ಚರೈಸರ್ ಹಚ್ಚಿಕೊಂಡರೆ ತಡೆಯಬಹುದು.

ಕನ್ನಡಿ ನಂಬಬೇಡಿ. ಪ್ರತಿ ತಿಂಗಳು ಒಂದೇ ಕಿಟಕಿ ಹತ್ತಿರ, ಒಂದೇ ಹೊತ್ತಿಗೆ ಫೋಟೋ ತೆಗೆದೆ. ಎರಡು ತಿಂಗಳು ಏನೂ ಇಲ್ಲ, ಟ್ಯೂಬ್ ಬಿಸಾಕೋಣ ಅನ್ನಿಸಿತ್ತು. ಮೂರನೆಯ ತಿಂಗಳ ಕೊನೆಗೆ ಕಲೆಯ ಅಂಚು ಒಡೆದು, ನಡುನಡುವೆ ನನ್ನ ಬಣ್ಣ ಇಣುಕಿತು. ಆರನೆಯ ತಿಂಗಳಿಗೆ ದೂರದಿಂದ ಕಾಣದಷ್ಟಾಯಿತು.

ಆದರೆ ಅರ್ಧ ಕೆಲಸ ಸನ್‌ಸ್ಕ್ರೀನ್‌ದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಐರನ್ ಆಕ್ಸೈಡ್ ಇರುವ, ಕಂದು ಬಣ್ಣದ ಟಿಂಟೆಡ್ ಬೇಕು. ನಮ್ಮ ಬಣ್ಣದವರಿಗೆ ಹೊಂದುವ ಶೇಡ್ ಹುಡುಕುವುದೇ ದೊಡ್ಡ ಕಷ್ಟ. ಮೊದಲ ಎರಡು ಬೂದಿ ಬಳಿದಂತೆ ಕಂಡವು. ಎರಡು ಬೆರಳುದ್ದ ಹಿಂಡಿ ಮುಖಕ್ಕೆ, ಕುತ್ತಿಗೆಗೆ ಹಚ್ಚುತ್ತೇನೆ. ಏಪ್ರಿಲ್‌ನಲ್ಲಿ ಊರ ಜಾತ್ರೆ. ಬೆಳಿಗ್ಗೆ ಹಚ್ಚಿದ್ದೇ, ಬೆವರಿಗೆ ಹೋದ ಮೇಲೆ ಮತ್ತೆ ಹಚ್ಚಲಿಲ್ಲ. ವಾರದೊಳಗೆ ಎಡ ಕೆನ್ನೆ ಮತ್ತೆ ಕಪ್ಪಾಯಿತು, ಸರಿಹೋಗಲು ಎರಡು ತಿಂಗಳು ಬೇಕಾಯಿತು.

ಕಳೆದ ಆ ಒಂದು ಸ್ಟಾರ್? ಬೆಳಿಗ್ಗೆ ಕ್ರೀಮ್ ಒಣಗುವ ಮುಂಚೆ ಸನ್‌ಸ್ಕ್ರೀನ್ ಹಚ್ಚಿದರೆ ರಬ್ಬರ್‌ನಿಂದ ಅಳಿಸಿದ ಪುಡಿಯಂತೆ ಉದುರುತ್ತದೆ. ಹತ್ತು ನಿಮಿಷ ಕಾಯಬೇಕು. ಮಕ್ಕಳ ಟಿಫನ್ ಬಾಕ್ಸ್ ಕಟ್ಟುವ ಹೊತ್ತಲ್ಲಿ ಅದು ಸುಲಭ ಅಲ್ಲ. ಈಗ ಡಾಕ್ಟರು ಹೇಳಿದಂತೆ ರಾತ್ರಿ ಮಾತ್ರ ಹಚ್ಚುತ್ತಿದ್ದೇನೆ. ಎಡ ಕೆನ್ನೆಯಲ್ಲಿ ತೆಳು ನೆರಳು ಉಳಿದಿದೆ, ಅದರ ಸುತ್ತ ನನ್ನ ಎಣ್ಣೆಗೆಂಪು ಹಾಗೇ ಇದೆ.