ಕೊನೆ ದಿನದ ಸಂಜೆಯೋ, ಹಿಂದಿನ ದಿನ ಬೆಳಗ್ಗೆ ಐದೂವರೆಯೋ?

ಆನ್‌ಲೈನ್ ಅರ್ಜಿ ತುಂಬಿ ಶುಲ್ಕ ಕಟ್ಟಲು ಎರಡೇ ದಿನ ಬಾಕಿ. ಕೊನೆ ಸಂಜೆ ಶಿವಮೊಗ್ಗದ ಸೈಬರ್ ಸೆಂಟರ್‌ಗೆ ಹೋಗುವುದಾ, ಅದಕ್ಕೆ ಮೊದಲೇ ಬೆಳಗಿನ ಜಾವ ಮನೆಯಲ್ಲೇ ತುಂಬುವುದಾ?

ಸಂಜೆ ಅಂಗಡಿಯಲ್ಲಿ ಸ್ಕ್ಯಾನರ್, ಪ್ರಿಂಟರ್ ಎಲ್ಲಾ ಇರುತ್ತದೆ. ಆದರೆ ಸರ್ವರ್ ಮೇಲೆ ರಾಜ್ಯದ ಜನರೆಲ್ಲ ಒಟ್ಟಿಗೆ ಬಿದ್ದಿರುತ್ತಾರೆ. ಓಟಿಪಿ ಬರುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ. ಹೋದ ವರ್ಷ ತಂಗಿಯ ಅರ್ಜಿಯಲ್ಲಿ ಖಾತೆಯಿಂದ ಹಣ ಹೋಯಿತು, ಪುಟ ಮಾತ್ರ ಸುಮ್ನೆ ಸುತ್ತುತ್ತಲೇ ಇತ್ತು. ಬ್ಯಾಂಕ್ ಹಣ ಕೊಟ್ಟಿದೆ, ಆ ಸುದ್ದಿ ಅರ್ಜಿಯ ಸರ್ವರ್‌ಗೆ ಮುಟ್ಟಿಲ್ಲ ಅಷ್ಟೆ. ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟಿಬಿಟ್ಟೆವು. ಹಾಗೆ ಮಾಡಬೇಡಿ. ಎಸ್ಸೆಮ್ಮೆಸ್‌ನಲ್ಲಿ ಬಂದ ವ್ಯವಹಾರ ಸಂಖ್ಯೆ ಬರೆದಿಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಲಾಗಿನ್ ಆಗಿ ಪಾವತಿಯ ಸ್ಥಿತಿ ನೋಡಿ. ಕೊನೆ ಸಂಜೆ ಆ ಸ್ವಲ್ಪ ಹೊತ್ತೇ ಇರುವುದಿಲ್ಲ, ಅಲ್ವಾ?

ಬೆಳಗ್ಗೆ ಐದೂವರೆಗೆ ಸರ್ವರ್ ಅದೇ, ಜನ ಕಡಿಮೆ. ನಮ್ಮ ಗುಡ್ಡದ ಕಡೆ ಒಂದೇ ಟವರ್ ಅನ್ನು ಊರೆಲ್ಲ ಹಂಚಿಕೊಳ್ಳುತ್ತದೆ, ಆಗ ಅದೂ ಹಗುರ. ಹಣ ಸಿಕ್ಕಿಕೊಂಡರೂ ವಿಚಾರಿಸಲು ಇಡೀ ಹಗಲು ಇದೆ. ನಡುರಾತ್ರಿ ಬೇಡ, ಕೆಲವು ಬ್ಯಾಂಕ್‌ಗಳು ಆಗಲೇ ದುರಸ್ತಿಗೆ ಇಳಿಯುತ್ತವೆ. ಫೋಟೊ, ಸಹಿಯ ಅಳತೆ ಹಿಂದಿನ ರಾತ್ರಿಯೇ ಸರಿಮಾಡಿಡಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಟ್ಟರೆ ಪೇಟೆಗೆ ಹೋಗಲೇಬೇಕು. ಹಾಗಿದ್ದರೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಅರ್ಜಿ ಸಂಖ್ಯೆ ಪರದೆ ಮೇಲೆ ಕಾಣುವ ತನಕ ಎದ್ದು ಬರಬೇಡಿ.