ಮಾಸ್ಟರ್‌ನ ಮಾತು ಕೇಳದ 26 ಸ್ಲೈಡ್‌ಗಳು: ಪವರ್‌ಪಾಯಿಂಟ್‌ನ Slide Master, ಆರು ವರ್ಷಗಳ ಬಳಕೆಯ ನಂತರ

ತರಬೇತಿ ಪಾಠಗಳ ಸ್ಲೈಡ್‌ಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಬೇರೆಯವರು ಮಾಡಿಟ್ಟ ಹಳೆಯ ಕಡತಕ್ಕೆ ಹೊಸ ರೂಪ ಕೊಡಬೇಕಾದ ಸಂದರ್ಭ ವರ್ಷದಲ್ಲಿ ಹಲವು ಬಾರಿ ಬರುತ್ತದೆ. ಮೊದಲೆಲ್ಲ ಒಂದೊಂದೇ ಸ್ಲೈಡ್ ತೆರೆದು ಶೀರ್ಷಿಕೆಯ ಫಾಂಟ್ ಬದಲಿಸುತ್ತಿದ್ದ ನಾನು, ಕಳೆದ ಆರು ವರ್ಷಗಳಿಂದ ಆ ಕೆಲಸವನ್ನು, ಎಲ್ಲ ಸ್ಲೈಡ್‌ಗಳ ರೂಪವನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಮಾಸ್ಟರ್ ಸ್ಲೈಡ್‌ನಲ್ಲೇ ಮಾಡುತ್ತಿದ್ದೇನೆ. ಈ ಸೌಲಭ್ಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಏಕೆ ಕಡಿತವಾಯಿತು ಎಂಬುದನ್ನು ಇತ್ತೀಚೆಗೆ ಮುಗಿಸಿದ ಒಂದು ಕಡತದ ಮೂಲಕವೇ ವಿವರಿಸುವುದು ಸುಲಭ.

ಆ ಕಡತದಲ್ಲಿ 84 ಸ್ಲೈಡ್‌ಗಳಿದ್ದವು. ನಡುವೆ ಇದ್ದ ಶೀರ್ಷಿಕೆ ಎಡಕ್ಕೆ ಬರಬೇಕು, ಫಾಂಟ್ ಬದಲಾಗಬೇಕು, ಎಲ್ಲೆಡೆ ಇದ್ದ ನೀಲಿ ಬಣ್ಣ ಹೋಗಿ ಹಸಿರು ಬರಬೇಕು, ಇಷ್ಟೇ ಬೇಡಿಕೆ. ಮೂಲ ಕಡತದ ಒಂದು ಪ್ರತಿಯನ್ನು ಎತ್ತಿಟ್ಟು View ಪಟ್ಟಿಯಿಂದ Slide Master ತೆರೆದೆ. ಹೊಸಬರು ಎಡವುವುದು ಇಲ್ಲಿಯೇ. ಈ ನೋಟ ತೆರೆದಾಗ ಆಯ್ಕೆಯಾಗಿರುವುದು ಮಾಸ್ಟರ್ ಅಲ್ಲ, ನೀವು ಆಗ ನೋಡುತ್ತಿದ್ದ ಸ್ಲೈಡ್‌ನ ಲೇಔಟ್, ಅಂದರೆ ಶೀರ್ಷಿಕೆ, ಪಠ್ಯಗಳ ಜಾಗ ಗೊತ್ತುಮಾಡುವ ಮಾದರಿ. ಅದನ್ನೇ ಮಾಸ್ಟರ್ ಎಂದು ತಿಳಿದು ತಿದ್ದಿದರೆ ಆ ಒಂದು ಲೇಔಟ್ ಬಳಸಿರುವ ಸ್ಲೈಡ್‌ಗಳು ಮಾತ್ರ ಬದಲಾಗುತ್ತವೆ, ಮಿಕ್ಕವು ಇದ್ದ ಹಾಗೇ ಇರುತ್ತವೆ. ಎಡಗಡೆಯ ಪಟ್ಟಿಯಲ್ಲಿ ತೀರಾ ಮೇಲಕ್ಕೆ ಹೋದರೆ ಉಳಿದವುಗಳಿಗಿಂತ ದೊಡ್ಡದಾದ ಒಂದು ಚಿತ್ರ ಕಾಣುತ್ತದೆ. ಅದೇ ಮಾಸ್ಟರ್, ಅದರ ಕೆಳಗೆ ಒಳಸರಿದು ನಿಂತಿರುವ ಚಿಕ್ಕವೆಲ್ಲ ಲೇಔಟ್‌ಗಳು. ನಾನೂ ಮೊದಲ ವರ್ಷದಲ್ಲಿ ಎರಡು ಬಾರಿ ಈ ತಪ್ಪು ಮಾಡಿ, ಸೌಲಭ್ಯವೇ ಸರಿಯಿಲ್ಲವೆಂದು ಬೈದುಕೊಂಡವನು.

ಮಾಸ್ಟರ್‌ನಲ್ಲಿ ನಾನು ಅಕ್ಷರಗಳನ್ನು ಆಯ್ದು ಬಣ್ಣ ಬಳಿಯಲು ಹೋಗಲಿಲ್ಲ. Fonts ಅಡಿಯಲ್ಲಿ Customize Fonts ತೆರೆದು ಶೀರ್ಷಿಕೆಗೊಂದು, ಒಳಪಠ್ಯಕ್ಕೊಂದು ಫಾಂಟ್ ನಿಗದಿಪಡಿಸಿದೆ. Colors ಅಡಿಯಲ್ಲಿ Customize Colors ತೆರೆದು Accent 1 ಇದ್ದ ಜಾಗದ ನೀಲಿಯನ್ನು ಹಸಿರು ಮಾಡಿದೆ. ಕಡತದ ಫಾಂಟ್ ಮತ್ತು ಬಣ್ಣಗಳನ್ನು ನಿಗದಿಪಡಿಸುವ ಥೀಮ್‌ನಲ್ಲಿ ಬಣ್ಣಕ್ಕೆ ಒಟ್ಟು 12 ಸ್ಥಾನಗಳಿರುತ್ತವೆ: ಪಠ್ಯ ಮತ್ತು ಹಿನ್ನೆಲೆಗೆ ನಾಲ್ಕು, ಆಕ್ಸೆಂಟ್ ಬಣ್ಣಗಳು ಆರು, ಲಿಂಕ್‌ಗಳಿಗೆ ಎರಡು. ಸ್ಲೈಡ್‌ನಲ್ಲಿರುವ ಒಂದು ಚೌಕವು ತಾನು ನೀಲಿ ಎಂದು ನೆನಪಿಟ್ಟುಕೊಳ್ಳದೆ, ತಾನು Accent 1 ಎಂದು ಮಾತ್ರ ನೆನಪಿಟ್ಟುಕೊಂಡಿದ್ದರೆ, ಆ ಸ್ಥಾನದ ಬಣ್ಣ ಬದಲಾದ ಕ್ಷಣವೇ ಚೌಕವೂ ಬದಲಾಗುತ್ತದೆ. ಚಾರ್ಟ್‌ಗಳ ಮೊದಲ ಸರಣಿಯೂ ಸಾಮಾನ್ಯವಾಗಿ ಇದೇ ಸ್ಥಾನದ ಬಣ್ಣ ಪಡೆಯುವುದರಿಂದ ಅವೂ ತಾವಾಗಿ ಹಸಿರಾದವು. ಬದಲಿಗೆ ಯಾರಾದರೂ ಬಣ್ಣದ ಪಟ್ಟಿಯ ಕೆಳಭಾಗದ Standard Colors ಸಾಲಿನಿಂದ ನೀಲಿಯನ್ನು ಆರಿಸಿದ್ದರೆ ಅದು ಮಾಸ್ಟರ್‌ಗೆ ಸೊಪ್ಪು ಹಾಕುವುದಿಲ್ಲ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇಲ್ಲೊಂದು ಮಾತು. ಥೀಮ್‌ನ ಒಳಗೆ ಬೇರೆ ಬೇರೆ ಲಿಪಿಗಳಿಗೆ ಬೇರೆ ಬೇರೆ ಫಾಂಟ್ ನಮೂದಾಗಿರುವುದುಂಟು, ಹಲವು ಥೀಮ್‌ಗಳಲ್ಲಿ ಕನ್ನಡಕ್ಕೆ ಇರುವುದು Tunga. ಹಾಗಾಗಿ ಇಂಗ್ಲಿಷ್ ಅಕ್ಷರಗಳು ಹೊಸ ರೂಪಕ್ಕೆ ತಿರುಗಿದರೂ ಕನ್ನಡದ ಸಾಲುಗಳು ಹಳೆಯ ರೂಪದಲ್ಲೇ ಉಳಿಯಬಹುದು. ಎರಡೂ ಲಿಪಿಗಳಿರುವ ಒಂದು ಸ್ಲೈಡನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಷ್ಟಕ್ಕೆ ಹಿಡಿದದ್ದು ಸುಮಾರು ಇಪ್ಪತ್ತು ನಿಮಿಷ. Close Master View ಒತ್ತಿ ಹೊರಬಂದಾಗ 58 ಸ್ಲೈಡ್‌ಗಳು ಬಯಸಿದಂತೆಯೇ ಬದಲಾಗಿದ್ದವು, 26 ಬದಲಾಗಿರಲಿಲ್ಲ. ಈ ಸೌಲಭ್ಯದ ಸತ್ವವೂ ಮಿತಿಯೂ ಈ 26ರಲ್ಲೇ ಇವೆ. ಮಾಸ್ಟರ್‌ನ ಆಜ್ಞೆ ಲೇಔಟ್‌ಗೆ, ಲೇಔಟ್‌ನಿಂದ ಸ್ಲೈಡ್‌ಗೆ ಇಳಿಯುತ್ತದೆ. ದಾರಿಯಲ್ಲಿ ಯಾರಾದರೂ ಕೈಯಾರೆ ಬೇರೆ ಆಜ್ಞೆ ಕೊಟ್ಟಿದ್ದರೆ, ಸ್ಲೈಡ್‌ಗೆ ಹತ್ತಿರವಿರುವ ಆಜ್ಞೆಯೇ ಗೆಲ್ಲುತ್ತದೆ.

ಒಂಬತ್ತು ಸ್ಲೈಡ್‌ಗಳಲ್ಲಿ ಆಗಿದ್ದು ಅದೇ. ಶೀರ್ಷಿಕೆಗೆಂದು ಲೇಔಟ್ ಕಾದಿರಿಸಿದ ಪೆಟ್ಟಿಗೆಯನ್ನು, ಅಂದರೆ ಪ್ಲೇಸ್‌ಹೋಲ್ಡರನ್ನು, ಯಾರೋ ಎಳೆದು ಸರಿಸಿದ್ದರು, ಅಕ್ಷರದ ಗಾತ್ರವನ್ನು ಕೈಯಾರೆ ಇಳಿಸಿದ್ದರು. ಅವನ್ನು ಒಟ್ಟಿಗೆ ಆರಿಸಿ Home ಪಟ್ಟಿಯ Reset ಒತ್ತಿದೊಡನೆ ಅವು ಲೇಔಟ್‌ನ ಅಳತೆಗೆ ಮರಳಿದವು. ಆದರೆ Reset ಉದ್ದೇಶಪೂರ್ವಕ ತಿದ್ದುಪಡಿಗೂ ಮೈಮರೆವಿನ ತಿದ್ದುಪಡಿಗೂ ಭೇದ ಮಾಡುವುದಿಲ್ಲ. ಒಂದು ಸ್ಲೈಡ್‌ನಲ್ಲಿ ಚಿತ್ರಕ್ಕೆ ಜಾಗ ಬಿಡಲೆಂದೇ ಕಿರಿದು ಮಾಡಿದ್ದ ಪಠ್ಯದ ಚೌಕ ಮತ್ತೆ ಹಿಗ್ಗಿ ಚಿತ್ರದ ಮೇಲೆ ಹರಡಿಕೊಂಡಿತು. ಆದ್ದರಿಂದ 84 ಸ್ಲೈಡ್‌ಗಳನ್ನೂ ಆರಿಸಿ ಒಮ್ಮೆಗೇ Reset ಒತ್ತುವ ಆಸೆಯನ್ನು ತಡೆದುಕೊಳ್ಳಬೇಕು.

ಇನ್ನು ಆರು ಸ್ಲೈಡ್‌ಗಳಿಗೆ ಮಾಸ್ಟರೇ ಬೇರೆಯಾಗಿತ್ತು. ಇನ್ನೊಂದು ಕಡತದಿಂದ ಅವನ್ನು ತಂದು ಅಂಟಿಸುವಾಗ Keep Source Formatting ಆರಿಸಿದ್ದರಿಂದ, ಅವು ತಮ್ಮ ಮಾಸ್ಟರನ್ನೂ ಹೊತ್ತು ತಂದಿದ್ದವು. Slide Master ನೋಟದಲ್ಲಿ ಕೆಳಗೆ ಜಾರುತ್ತ ಹೋದಾಗ ಎರಡನೆಯ ದೊಡ್ಡ ಚಿತ್ರ ಕಂಡರೆ ಕಥೆ ಇದೇ ಎಂದು ತಿಳಿಯಬಹುದು. ಆ ಆರನ್ನೂ ಆರಿಸಿ Home ಪಟ್ಟಿಯ Layout ಅಡಿಯಲ್ಲಿ ಮೊದಲ ಥೀಮ್‌ನ ಲೇಔಟ್ ಕೊಟ್ಟೆ. ಆಮೇಲೆ ಎರಡನೆಯ ಮಾಸ್ಟರ್ ಮೇಲೆ ಮೌಸ್ ಇಟ್ಟು, ಅದನ್ನು ಯಾವ ಸ್ಲೈಡೂ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅಳಿಸಿದೆ.

ಕೊನೆಯ ಹನ್ನೊಂದು ನಿಜಕ್ಕೂ ತಲೆನೋವಿನವು. ಅವುಗಳಲ್ಲಿ ಶೀರ್ಷಿಕೆಯಂತೆ ಕಾಣುತ್ತಿದ್ದದ್ದು ಶೀರ್ಷಿಕೆಯೇ ಅಲ್ಲ. ಮೂಲ ಪ್ಲೇಸ್‌ಹೋಲ್ಡರನ್ನು ಅಳಿಸಿ, ಅದರ ಜಾಗದಲ್ಲಿ ಬಿಡಿ ಟೆಕ್ಸ್ಟ್ ಬಾಕ್ಸ್ ಇಟ್ಟು ಬರೆದಿದ್ದರು. ಕಣ್ಣಿಗೆ ಎರಡೂ ಒಂದೇ. ಗುರುತಿಸುವ ಉಪಾಯವೆಂದರೆ View ಪಟ್ಟಿಯ Outline View. ಶೀರ್ಷಿಕೆ ಮತ್ತು ಪಠ್ಯದ ಪ್ಲೇಸ್‌ಹೋಲ್ಡರ್‌ಗಳಲ್ಲಿರುವ ಬರಹ ಮಾತ್ರ ಅಲ್ಲಿ ಕಾಣುತ್ತದೆ, ಟೆಕ್ಸ್ಟ್ ಬಾಕ್ಸ್‌ನ ಬರಹ ಕಾಣುವುದಿಲ್ಲ. ಸ್ಲೈಡ್‌ನಲ್ಲಿ ದಪ್ಪ ಶೀರ್ಷಿಕೆ ಇದ್ದೂ ಅಲ್ಲಿ ಅದರ ಸಂಖ್ಯೆಯ ಪಕ್ಕ ಖಾಲಿ ಕಂಡರೆ, ಆ ಸ್ಲೈಡ್ ಮಾಸ್ಟರ್‌ನ ಹಿಡಿತದಿಂದ ಹೊರಗಿದೆ ಎಂದೇ ಅರ್ಥ. ಈಗ ಯಾವ ಕಡತ ಬಂದರೂ ನಾನು ಮೊದಲು ತೆರೆಯುವುದು ಈ ನೋಟವನ್ನೇ. ಎಷ್ಟು ಹೊತ್ತಿನ ಕೆಲಸವೆಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ, ಒಪ್ಪಿಸುವ ದಿನವನ್ನು ಆ ನಂತರ ಹೇಳುತ್ತೇನೆ.

ಟೆಕ್ಸ್ಟ್ ಬಾಕ್ಸನ್ನು ನೇರವಾಗಿ ಪ್ಲೇಸ್‌ಹೋಲ್ಡರ್ ಆಗಿ ಮಾರ್ಪಡಿಸುವ ಗುಂಡಿ ಇಲ್ಲಿಲ್ಲ, ನಾನು ಅಂಕ ಕಡಿದದ್ದು ಇದಕ್ಕೇ. ಪ್ರತಿ ಸ್ಲೈಡ್‌ನಲ್ಲೂ ಬರಹವನ್ನು ಕತ್ತರಿಸಿ, ಖಾಲಿ ಪೆಟ್ಟಿಗೆಯನ್ನು ಅಳಿಸಿ, ಲೇಔಟನ್ನು ಮತ್ತೊಮ್ಮೆ ಅನ್ವಯಿಸಿ ಕಳೆದುಹೋದ ಪ್ಲೇಸ್‌ಹೋಲ್ಡರನ್ನು ಮರಳಿ ತಂದು, ಅದರೊಳಗೆ Keep Text Only ಆಯ್ಕೆಯಿಂದ ಅಂಟಿಸಬೇಕು. ಆ ಆಯ್ಕೆ ಮರೆತರೆ ಹಳೆಯ ಫಾಂಟೂ ಬಣ್ಣವೂ ಬರಹದ ಬೆನ್ನು ಹತ್ತಿ ಬರುತ್ತವೆ. ಮೂರು ಸ್ಲೈಡ್‌ಗಳು Blank ಲೇಔಟ್‌ನಲ್ಲಿದ್ದವು. ಅದರಲ್ಲಿ ಶೀರ್ಷಿಕೆಗೆ ಜಾಗವೇ ಇರುವುದಿಲ್ಲವಾದ್ದರಿಂದ ಅವನ್ನು ಮೊದಲು Title Only ಲೇಔಟ್‌ಗೆ ಬದಲಿಸಿಕೊಳ್ಳಬೇಕಾಯಿತು. 58 ಸ್ಲೈಡ್‌ಗಳಿಗೆ ಇಪ್ಪತ್ತು ನಿಮಿಷ ಸಾಕಾದರೆ, ಈ ಹನ್ನೊಂದಕ್ಕೆ ಮುಕ್ಕಾಲು ಗಂಟೆ ಹೋಯಿತು.

ಎಲ್ಲ ಮುಗಿದ ಮೇಲೂ ಕೆಲವು ಪುಟಗಳಲ್ಲಿ ಸ್ಲೈಡ್ ಸಂಖ್ಯೆ ಕಾಣುತ್ತಿರಲಿಲ್ಲ. ಮಾಸ್ಟರ್‌ನಲ್ಲಿ ಸಂಖ್ಯೆಯ ಪ್ಲೇಸ್‌ಹೋಲ್ಡರ್ ಇದ್ದ ಮಾತ್ರಕ್ಕೆ ಅದು ಸ್ಲೈಡ್ ಮೇಲೆ ಬರುವುದಿಲ್ಲ; Insert ಪಟ್ಟಿಯ Header & Footer ತೆರೆದು Slide number ಗುರುತು ಹಾಕಿ Apply to All ಒತ್ತಬೇಕು. ಅದನ್ನೂ ಒತ್ತಿ, ಹೊಸ ರೂಪವನ್ನು ಮುಂದಿನ ಪಾಠಗಳಿಗೆಂದು `.potx` ಟೆಂಪ್ಲೇಟ್ ಆಗಿ ಉಳಿಸಿದೆ.