ಗೇಟಿನ ಕಂಬದ ನೆರಳು ಮನುಷ್ಯನಾಗಿ ಕಂಡಾಗ: ಒಂದೇ ಅಂಗಳದಲ್ಲಿ ಮೂರು ಬಗೆಯ ಪತ್ತೆ

ಮಂಡ್ಯದ ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದೆ. ಗೋಡೆಯ ಮೇಲಿನ ಕ್ಯಾಮೆರಾ ಕೂಡ ಅದೇ ದಿಕ್ಕಿಗೆ, ಗೇಟಿನ ಕಡೆ ನೋಡುತ್ತದೆ. ಯುಗಾದಿ ಹೊತ್ತಿಗೆ ಹಾಕಿಸಿದೆವು. ವಾರ ಕಳೆಯುವುದರೊಳಗೆ ಅಮ್ಮನಿಗೆ ಸಾಕಾಗಿ ಹೋಯಿತು. "ಯಾರೋ ಬಂದವ್ರೆ ಅಂತ ಫೋನ್ ಕೂಗ್ತದೆ, ಹೋಗಿ ನೋಡಿದ್ರೆ ಯಾರೂ ಇರಲ್ಲ ಕಣಪ್ಪ."

ಆಗ ಇದ್ದದ್ದು ಬರೀ ಮೋಷನ್ ಪತ್ತೆ. ಇದಕ್ಕೆ ಮನುಷ್ಯ, ಮರ ಅಂತ ಏನೂ ಗೊತ್ತಿಲ್ಲ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಎಷ್ಟು ಜಾಗದಲ್ಲಿ ಬೆಳಕು ಬದಲಾಯಿತು ಅಂತ ಮಾತ್ರ ನೋಡುತ್ತದೆ. ತೆಂಗಿನ ಗರಿಯ ನೆರಳು ಅಂಗಳದಲ್ಲಿ ಆಡಿದರೂ ಅದೇ, ಆಳು ನಡೆದರೂ ಅದೇ. ಸೆನ್ಸಿಟಿವಿಟಿ ಇಳಿಸಿದೆ, ಎರಡೂ ಒಟ್ಟಿಗೆ ತಪ್ಪಿದವು. ಎರಡೇ ದಿನಕ್ಕೆ ಇದನ್ನು ಬಿಟ್ಟೆ.

ಎರಡನೆಯದು ಕ್ಯಾಮೆರಾದೊಳಗೇ ಇದ್ದ ಮನುಷ್ಯ, ವಾಹನ ಪತ್ತೆ. ಗರಿಯ ಕಾಟ ಬಹುಪಾಲು ನಿಂತಿತು. ಆದರೆ ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ದಿನಾ ಒಬ್ಬ "ಮನುಷ್ಯ" ಬರುತ್ತಿದ್ದ. ಚಿತ್ರ ತೆಗೆದು ನೋಡಿದರೆ ನಮ್ಮ ಗೇಟಿನ ಕಂಬದ ನೆರಳು! ಕಂಬದ ಮೇಲೆ ಗುಂಡು ದೀಪ ಇದೆ. ನೆರಳಿನಲ್ಲಿ ಅದೇ ತಲೆ, ಕಂಬವೇ ಮೈ. ಸೂರ್ಯ ಹತ್ತು ಡಿಗ್ರಿ ಎತ್ತರದಲ್ಲಿದ್ದಾಗ ಐದು ಅಡಿ ಕಂಬದ ನೆರಳು ಸುಮಾರು 28 ಅಡಿ ಚಾಚುತ್ತದೆ, ಅದೂ ನೇರ ಕ್ಯಾಮೆರಾ ಕಡೆಗೆ.

ಕಂಬ ಅಲುಗಾಡುವುದಿಲ್ಲವಲ್ಲ, ಮತ್ತೆ ಯಾಕೆ ಸಿಕ್ಕಿಬಿತ್ತು? ಎಷ್ಟೋ ಕಡೆ ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಎಲ್ಲಿ ಅಲುಗಾಟವಿದೆ ಅಂತ ನೋಡುವುದು, ಆಮೇಲೆ ಆ ಜಾಗವನ್ನು ಕತ್ತರಿಸಿ, ಚಿತ್ರ ನೋಡಿ ಇದು ಇಂಥದ್ದು ಅಂತ ಹೆಸರು ಹೇಳಲು ಕಲಿತ ಮಾಡೆಲ್‌ಗೆ ಕೊಡುವುದು. ಗರಿಯ ನೆರಳು ಕಂಬದ ನೆರಳಿನ ಮೇಲೆ ಆಡಿದಾಗ ಆ ತುಂಡು ಒಳಗೆ ಹೋಗುತ್ತದೆ. ಅಲ್ಲಿ ಚಿತ್ರವನ್ನು ತೀರಾ ಚಿಕ್ಕದು ಮಾಡುತ್ತಾರೆ. ನೆರಳಿನಡಿ ಕಾಣುವ ಸಿಮೆಂಟಿನ ತರಿ ಅಳಿಸಿಹೋಗಿ ಕಪ್ಪು ಆಕಾರ ಮಾತ್ರ ಉಳಿಯುತ್ತದೆ. ಮಾಡೆಲ್ ಕಲಿತ ಹೆಸರುಗಳಲ್ಲಿ ನೆರಳು ಅನ್ನುವುದೇ ಇಲ್ಲ. ಪ್ರತಿ ಹೆಸರಿನ ಜೊತೆ ಎಷ್ಟು ಖಾತ್ರಿ ಅಂತ ಒಂದು ಅಂಕವನ್ನೂ ಅದು ಕೊಡುತ್ತದೆ. ಹಾಗಾಗಿ ತಲೆ, ಮೈ ಇರುವ ಆಕಾರಕ್ಕೆ ಮನುಷ್ಯ ಅಂತ ಅರೆಮನಸ್ಸಿನ ಅಂಕ ಸಿಗುತ್ತದೆ.

ನನ್ನ ಕೈಗೆ ಸಿಕ್ಕಿದ್ದು ಸೆನ್ಸಿಟಿವಿಟಿಯ ಒಂದೇ ಸ್ಲೈಡರ್. 80ರಿಂದ 50ಕ್ಕೆ ಇಳಿಸಿದೆ, ನೆರಳು ಹೋಯಿತು. ಮಾರನೇ ದಿನ ನಸುಕಿನಲ್ಲಿ ಶಾಲು ಹೊದ್ದು ಬಂದ ಹಾಲಿನವರೂ ಹೋದರು! ಅಂಕ ತೋರಿಸದ ಸ್ಲೈಡರ್‌ನಲ್ಲಿ ಸುಮ್ನೆ ಊಹೆ ಮಾಡಬೇಕು, ಅದೇ ದೊಡ್ಡ ಕೊರತೆ.

ಮೂರನೆಯದು ಫ್ರಿಗೇಟ್. ಕ್ಯಾಮೆರಾದ ವಿಡಿಯೊ ನೋಡಿ ಪತ್ತೆ ಮಾಡುವ ಉಚಿತ ತಂತ್ರಾಂಶ, ಆದರೆ ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಹಗಲು ರಾತ್ರಿ ಓಡಬೇಕು. ಇಲ್ಲಿ ಪ್ರತಿ ಪತ್ತೆಯ ಅಂಕ ಕಣ್ಣಿಗೆ ಕಾಣುತ್ತದೆ. ನಮ್ಮ ಕಂಬದ ನೆರಳು 0.66 ದಾಟಲಿಲ್ಲ. ಬೆಳಕಿನಲ್ಲಿ ಬಂದವರು 0.80ರ ಮೇಲೆ. ಶಾಲಿನ ಹಾಲಿನವರು ಮಾತ್ರ 0.64! ಅಂದರೆ ಅಂಕದಿಂದ ಇವರಿಬ್ಬರನ್ನು ಬೇರೆ ಮಾಡಲು ಆಗುವುದೇ ಇಲ್ಲ. ಆಕಾರದಿಂದ ಆಗುತ್ತದೆ. ಪತ್ತೆಯಾದದ್ದರ ಸುತ್ತ ಅದು ಬರೆಯುವ ಚೌಕಟ್ಟಿನ ಅಗಲವನ್ನು ಎತ್ತರದಿಂದ ಭಾಗಿಸಿದರೆ ಹಾಲಿನವರದು 0.40 ಹತ್ತಿರ, ಉದ್ದ ನೆರಳಿನದು 0.18. ಫ್ರಿಗೇಟಿನ ಸೆಟ್ಟಿಂಗ್ ಫೈಲಿನಲ್ಲಿ ಹೀಗೆ ಬರೆದೆ:

```yaml
objects:
  filters:
    person:
      min_ratio: 0.25
      threshold: 0.6
```

`threshold` ಮೊದಲು 0.7 ಇತ್ತು. ಅದು ಒಂದು ಚಿತ್ರದ ಅಂಕ ನೋಡುವುದಿಲ್ಲ, ಹಲವು ಚಿತ್ರಗಳ ಅಂಕಗಳನ್ನು ಏರಿಕೆಯಲ್ಲಿ ಜೋಡಿಸಿದರೆ ನಟ್ಟನಡುವೆ ಬರುವುದನ್ನು ನೋಡುತ್ತದೆ. ಇಳಿಸಿದ್ದಕ್ಕೆ ಹಾಲಿನವರು ಸಿಕ್ಕರು, ಅನುಪಾತದ ಮಿತಿ ಇದ್ದುದಕ್ಕೆ ಕಂಬ ಹೊರಗೇ ಉಳಿಯಿತು.

ಇನ್ನೊಂದು ತೊಡಕು ತಡವಾಗಿ ಗೊತ್ತಾಯಿತು. ಪೇಪರ್ ಹುಡುಗ ಗೇಟಿನ ಹೊರಗೆ ನಿಂತಿದ್ದರೂ "ಅಂಗಳದೊಳಗೆ ಬಂದ" ಅಂತ ಸೂಚನೆ. ಚೌಕಟ್ಟು ಅವನ ಜೊತೆ ಅವನ ಮುಂದೆ ಬಿದ್ದ ನೆರಳನ್ನೂ ಸೇರಿಸಿಕೊಂಡಿತ್ತು. ಒಳಗೋ ಹೊರಗೋ ಅನ್ನುವುದನ್ನು ಚೌಕಟ್ಟಿನ ಕೆಳ ಅಂಚಿನ ನಡುಬಿಂದುವಿನಿಂದ ತೀರ್ಮಾನಿಸುತ್ತಾರೆ. ಆ ಬಿಂದು ನೆರಳಿನ ತುದಿಗೆ ಜಾರಿತ್ತು. ಇದಕ್ಕೆ ಸೆನ್ಸಿಟಿವಿಟಿ ಮುಟ್ಟಬೇಡಿ. ಅಂಗಳ ಅಂತ ಗುರುತು ಹಾಕಿದ್ದ ಗೆರೆಯನ್ನೇ ಗೇಟಿನಿಂದ ಒಳಕ್ಕೆ, ಮೆಟ್ಟಿಲ ಕಡೆ ತಂದೆ, ಸರಿಹೋಯಿತು.

ವಾಹನದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 80 ಹೆಸರು ಕಲಿತ ಸಾಮಾನ್ಯ ಮಾಡೆಲ್‌ನಲ್ಲಿ ಆಟೋ ಇಲ್ಲ, ಕಬ್ಬಿನ ಗಾಡಿ ಇಲ್ಲ. ಆಟೋ ಒಮ್ಮೆ ಕಾರು, ಒಮ್ಮೆ ಟ್ರಕ್ಕು. ಎರಡನ್ನೂ ಪಟ್ಟಿಗೆ ಸೇರಿಸಿಕೊಂಡರೆ ಆಯಿತು.

ನಾನು ಫ್ರಿಗೇಟನ್ನೇ ಇಟ್ಟುಕೊಂಡೆ. ಕಂಪ್ಯೂಟರ್ ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ಎರಡನೆಯದೇ ವಾಸಿ. ಆದರೆ ಸ್ಲೈಡರ್ ಇಳಿಸುವ ಮೊದಲು ನಸುಕಿನಲ್ಲಿ ಬರುವವರನ್ನು ಒಮ್ಮೆ ನಡೆಸಿ ನೋಡಿ. ನೆರಳು ಬೀಳುವ ಜಾಗವನ್ನೇ ಮರೆಮಾಡಿಬಿಡೋಣ ಅಂತ ನನಗೂ ಅನ್ನಿಸಿತ್ತು, ಮಾಡಲಿಲ್ಲ. ಯುಗಾದಿಯಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟುತ್ತಾನೆ. ಡಿಸೆಂಬರ್‌ಗೆ ದಕ್ಷಿಣಕ್ಕೆ ಸರಿದಿರುತ್ತಾನೆ, ಆಗ ಅದೇ ಕಂಬದ ನೆರಳು ಬಾವಿಯ ಕಟ್ಟೆ ಕಡೆ ಬೀಳುತ್ತದೆ.